ದನವೋ ಧನವೋ: ಫೋಟೊ ಕಳಿಸುವಾಗ ಅಳಿಸಿಹೋಗುವ ಒಂದು ಸೀಳು

ಊರಿನ ಮನೆಯ ಅಟ್ಟ ಗುಡಿಸುವಾಗ ಚಿಕ್ಕಮ್ಮನಿಗೆ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಒಂದು ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನನ್ನ ಮೊಬೈಲಿಗೆ ಕಳಿಸಿದರು. "ಮದುವೆ ಬಾಬ್ತು" ಎಂಬುದು ಸರಿಯಾಗಿ ಕಾಣುತ್ತಿತ್ತು. ಅದರ ಮುಂದಿನ ಪದ "ದನ ಕೊಟ್ಟಿದ್ದು" ಎಂದೋ "ಧನ ಕೊಟ್ಟಿದ್ದು" ಎಂದೋ ತಿಳಿಯಲಿಲ್ಲ. ಮೊತ್ತ ಬರೆದಿದ್ದ ಅಂಚನ್ನು ಗೆದ್ದಲು ತಿಂದಿತ್ತು. ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿದಷ್ಟೂ ಅಕ್ಷರ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿತು.

"ಇಲ್ಲಿ ನನ್ನ ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತಿದೆಯಲ್ಲೋ" ಎಂದರು ಚಿಕ್ಕಮ್ಮ. ಅವರು ಹೇಳಿದ್ದು ಸುಳ್ಳಲ್ಲ. ಅವರ ಕೈಯಲ್ಲಿದ್ದ ಚಿತ್ರವೇ ಬೇರೆ, ನನಗೆ ಬಂದದ್ದೇ ಬೇರೆ. ಅವರ ಮೊಬೈಲಿನಲ್ಲಿದ್ದ ಕಡತ 4.2 ಎಂಬಿ ಇತ್ತು. ನನ್ನನ್ನು ತಲುಪಿದ್ದು 210 ಕೆಬಿ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಉಳಿದ ಹತ್ತೊಂಬತ್ತು ಪಾಲು ದಾರಿಯಲ್ಲಿ ಸೋರಿಹೋದದ್ದಲ್ಲ. ಕಳಿಸುವ ಗುಂಡಿ ಒತ್ತಿದ ಮೇಲೆ, ಚಿತ್ರ ಹೊರಡುವ ಮೊದಲು, ಚಿಕ್ಕಮ್ಮನ ಮೊಬೈಲಿನ ಒಳಗೇ ಕತ್ತರಿಸಿ ತೆಗೆದದ್ದು.

ಈ ಕತ್ತರಿ ಎರಡು ಬಾರಿ ಆಡುತ್ತದೆ. ಮೊದಲನೆಯದು ಅಳತೆಯ ಮೇಲೆ. ಆ ಮೊಬೈಲಿನ ಕ್ಯಾಮೆರಾ ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆಗಳ ಚಿತ್ರ ತೆಗೆಯುತ್ತದೆ. ಈ ಚುಕ್ಕೆಗಳನ್ನೇ ಪಿಕ್ಸೆಲ್ ಎನ್ನುತ್ತೇವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ, ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಮೂಲದ ಆರು ಚುಕ್ಕೆಗಳ ಸರಾಸರಿ ತೆಗೆದು ಒಂದು ಚುಕ್ಕೆ ಮಾಡಿದಂತೆ. ಮುಖಗಳ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ, ಮೊಬೈಲಿನ ಪರದೆ ತುಂಬಲು ಅಷ್ಟು ಸಾಕು. ಬರಹಕ್ಕೆ ಮಾತ್ರ ಸಾಲದು.

ಅಜ್ಜನ ಪುಟವನ್ನೇ ಅಳೆದು ನೋಡೋಣ. ಪುಟದ ಎತ್ತರ ಸುಮಾರು 30 ಸೆಂಟಿಮೀಟರ್. ಅದು 4000 ಪಿಕ್ಸೆಲ್‌ಗಳಲ್ಲಿ ಹರಡಿದ್ದರೆ ಒಂದು ಮಿಲಿಮೀಟರಿಗೆ 13 ಪಿಕ್ಸೆಲ್ ಸಿಗುತ್ತದೆ. ಅಜ್ಜನ ಅಕ್ಷರದ ಎತ್ತರ 3 ಮಿಲಿಮೀಟರ್, ಅಂದರೆ ಸುಮಾರು 40 ಪಿಕ್ಸೆಲ್. ಕನ್ನಡದಲ್ಲಿ ದ ಮತ್ತು ಧ ಅಕ್ಷರಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಪುಟ್ಟ ಸೀಳಿನಲ್ಲಿದೆ. ಲೇಖನಿಯ ಆ ಗೆರೆಯ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗ ಎಂದುಕೊಂಡರೆ ಮೂಲ ಚಿತ್ರದಲ್ಲಿ ಅದಕ್ಕೆ ನಾಲ್ಕು ಪಿಕ್ಸೆಲ್ ಸಿಕ್ಕಿತ್ತು. ಕುಗ್ಗಿಸಿದ ಮೇಲೆ ಇಡೀ ಅಕ್ಷರಕ್ಕೇ ಉಳಿದದ್ದು 16 ಪಿಕ್ಸೆಲ್, ಸೀಳಿಗೆ ಒಂದೂವರೆ. ಅಪ್ಪಟ ಕಪ್ಪು ಗೆರೆ ಈಗ ಮಾಸಲು ಬೂದಿ ಕಲೆ. ಡ-ಢ, ಪ-ಷ ಜೋಡಿಗಳ ಪಾಡೂ ಇದೇ. ಇಂಗ್ಲಿಷ್ ಬರಹಕ್ಕಿಂತ ಕನ್ನಡದ ಬರಹ ಈ ಕತ್ತರಿಗೆ ಬೇಗ ಸಿಕ್ಕಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ನಮ್ಮಲ್ಲಿ ಒಂದು ಚೂರು ಗೆರೆ ಅಳಿಸಿದರೆ ಅಕ್ಷರ ಕೆಡುವುದಿಲ್ಲ, ಬೇರೆಯೇ ಅಕ್ಷರವಾಗಿ ನಿಲ್ಲುತ್ತದೆ. ಓದುವವನಿಗೆ ಅನುಮಾನವೂ ಬರುವುದಿಲ್ಲ.

ಎರಡನೆಯ ಕತ್ತರಿ ಇನ್ನೂ ಸ್ವಾರಸ್ಯದ್ದು, ಅದರ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಅವರು ಚಿತ್ರಗಳನ್ನು ಕುಗ್ಗಿಸಲು ಒಂದು ಗಣಿತದ ಉಪಾಯವನ್ನು ಯೋಚಿಸಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದೆ ಧನಸಹಾಯಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಬರೆದ ಪುಟ್ಟ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಉಪಾಯವೇ 1992ರಲ್ಲಿ ಬಂದ, ಫೋಟೊಗಳನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಎಂಬ ವಿಧಾನದ ಬೆನ್ನೆಲುಬು.

ಜೆಪೆಗ್ ಮಾಡುವುದಿಷ್ಟು: ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ಹೆಚ್ಚುತ್ತದೆ. ಪ್ರತಿ ಚೌಕದ 64 ಚುಕ್ಕೆಗಳನ್ನು ಅಹ್ಮದ್ ಅವರ ಗಣಿತ 64 ಬೇರೆ ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಮೊದಲ ಸಂಖ್ಯೆ ಚೌಕದ ಒಟ್ಟಾರೆ ಬೆಳಕನ್ನು ಹೇಳುತ್ತದೆ. ಮುಂದಿನವು ನಿಧಾನವಾದ ಏರಿಳಿತಗಳನ್ನು, ಕೊನೆಯವು ಕೂದಲೆಳೆಯಂಥ ಸೂಕ್ಷ್ಮ ಏರಿಳಿತಗಳನ್ನು ಹೇಳುತ್ತವೆ. ಇಲ್ಲಿಯವರೆಗೆ ಏನೂ ನಷ್ಟವಾಗಿಲ್ಲ. ನಷ್ಟವಾಗುವುದು ಮುಂದಿನ ಭಾಗಾಕಾರದಲ್ಲಿ. ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದಲ್ಲಿರುವ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಇಳಿಸುತ್ತಾರೆ. ಜೆಪೆಗ್ ದಾಖಲೆಯಲ್ಲಿ ಉದಾಹರಣೆಗೆಂದು ಕೊಟ್ಟಿರುವ ಕೋಷ್ಟಕದಲ್ಲಿ ಮೊದಲ ಭಾಜಕ 16, ಕಟ್ಟಕಡೆಯದು 99. ಒಟ್ಟು ಬೆಳಕಿನ ಸಂಖ್ಯೆ 240 ಇದ್ದರೆ ಹದಿನಾರರಿಂದ ಭಾಗಿಸಿ 15 ಎಂದು ಬರೆದುಕೊಳ್ಳುತ್ತದೆ. ಬಿಚ್ಚುವಾಗ ಹದಿನೈದನ್ನು ಹದಿನಾರರಿಂದ ಗುಣಿಸಿದರೆ 240 ಮರಳಿ ಬರುತ್ತದೆ. ಕೂದಲೆಳೆಯ ಸಂಖ್ಯೆ 40 ಇದ್ದರೆ? 99ರಿಂದ ಭಾಗಿಸಿದರೆ 0.4, ಪೂರ್ಣಾಂಕಕ್ಕೆ ಇಳಿಸಿದರೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಅಜ್ಜನ ಧ ಅಕ್ಷರದ ಸೀಳು ಇದ್ದದ್ದು ಆ ಕೂದಲೆಳೆಯ ಸಂಖ್ಯೆಗಳಲ್ಲಿ. ಹದಿನಾರು ಪಿಕ್ಸೆಲ್ ಎತ್ತರದ ಅಕ್ಷರವೆಂದರೆ ಮೇಲೊಂದು ಕೆಳಗೊಂದು, ಎರಡೇ ಚೌಕದ ಎತ್ತರ. ಕೆಳಗಿನ ಚೌಕದ ಸೂಕ್ಷ್ಮ ಸಂಖ್ಯೆಗಳು ಸೊನ್ನೆಯಾದಾಗ ಸೀಳು ಹೋಯಿತು, ಅಕ್ಷರದ ಸುತ್ತ ಮಾತ್ರ ಬೂದಿ ದೂಳಿನಂಥ ಕಲೆ ಉಳಿಯಿತು. ನಿಮಗೆ ಬಂದ ಚಿತ್ರದಲ್ಲಿ ಅಕ್ಷರಗಳ ಸುತ್ತ ಈ ದೂಳು ಮುತ್ತಿಕೊಂಡಿದ್ದರೆ ಕತ್ತರಿ ಜೋರಾಗಿಯೇ ಆಡಿದೆ ಎಂದು ತಿಳಿಯಬಹುದು. ಇದರಲ್ಲಿ ಗಣಿತದ ತಪ್ಪೇನೂ ಇಲ್ಲ ಎನ್ನಬೇಕು. ಕ್ಯಾಮೆರಾ ಕೂಡ ಇದೇ ಗಣಿತದಿಂದ ಚಿತ್ರವನ್ನು ಉಳಿಸಿರುತ್ತದೆ, ಆದರೆ ಸಣ್ಣ ಭಾಜಕಗಳಿಂದ, ಮೃದುವಾಗಿ. ಅದರ ಮೇಲೆ ಇನ್ನೊಮ್ಮೆ ಒರಟಾಗಿ ಭಾಗಿಸಿದಾಗ ಕೆಡುತ್ತದೆ.

ಇದಕ್ಕಿರುವ ದಾರಿ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು. ಹಾಗೆ ಕಳಿಸುವುದೆಂದರೆ ಆ್ಯಪ್‌ನ ಈ ಎರಡು ಕತ್ತರಿಗಳನ್ನೂ ತಪ್ಪಿಸುವುದು, ಅಷ್ಟೇ. ಆಗ ಆ್ಯಪ್ ಕಡತವನ್ನು ಚಿತ್ರವೆಂದು ತೆರೆದು ನೋಡುವುದೇ ಇಲ್ಲ. ಒಳಗಿರುವುದು ಫೋಟೊವೋ ಪಹಣಿಯ ಪಿಡಿಎಫ್ಫೋ ಎಂಬುದು ಅದಕ್ಕೆ ಬೇಕಿಲ್ಲ, ಒಂದು ಬೈಟ್ ಕೂಡ ಬದಲಿಸದೆ ಮುಟ್ಟಿಸುತ್ತದೆ. ಗುಣಮಟ್ಟ ಹೆಚ್ಚುವುದಿಲ್ಲ, ಇದ್ದದ್ದು ಇದ್ದಂತೆ ಉಳಿಯುತ್ತದೆ.

ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿಕೊಟ್ಟ ದಾರಿ ಇದು. ಮಾತುಕತೆಯ ಪುಟ ತೆರೆದು, ಬರೆಯುವ ಜಾಗದ ಪಕ್ಕದ ಪೇಪರ್ ಕ್ಲಿಪ್ ಚಿತ್ರವನ್ನು ಒತ್ತಬೇಕು, ಐಫೋನ್ ಆದರೆ ಕೂಡಿಸುವ ಚಿಹ್ನೆಯನ್ನು. ಬರುವ ಪಟ್ಟಿಯಲ್ಲಿ ಗ್ಯಾಲರಿಯನ್ನು ಬಿಟ್ಟು ಡಾಕ್ಯುಮೆಂಟ್ ಎಂಬುದನ್ನು ಆರಿಸಬೇಕು. ಅದರೊಳಗೆ ಗ್ಯಾಲರಿಯಿಂದ ಆರಿಸುವ ಅವಕಾಶ ಮತ್ತೆ ಕಾಣುತ್ತದೆ, ಅಲ್ಲಿಂದ ಆರಿಸಿದರೆ ತೊಂದರೆಯಿಲ್ಲ. ಕಾಣದಿದ್ದರೆ ಕಡತಗಳನ್ನು ಹುಡುಕುತ್ತ `DCIM` ಎಂಬ ಫೋಲ್ಡರ್‌ನೊಳಗಿನ `Camera`ಕ್ಕೆ ಹೋಗಬೇಕು. ಕಳಿಸಿದ ಮೇಲೆ ಪರದೆಯಲ್ಲಿ ಕಡತದ ಹೆಸರೂ ತೂಕವೂ ಕಾಣಿಸಿದರೆ ಕೆಲಸ ಸರಿಯಾಗಿದೆ ಎಂದರ್ಥ. ಟೆಲಿಗ್ರಾಂನಲ್ಲೂ ಹೀಗೆಯೇ, ಅಲ್ಲಿ ಹೆಸರು ಫೈಲ್.

2023ರಲ್ಲಿ ವಾಟ್ಸ್‌ಆ್ಯಪ್‌ಗೆ ಎಚ್‌ಡಿ ಎಂಬ ಗುಂಡಿ ಬಂದಿತಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಅಳತೆಯ ಕತ್ತರಿಯನ್ನು ಅದು ಬಹಳಮಟ್ಟಿಗೆ ಸಡಿಲಿಸುತ್ತದೆ, ನಿಜ. ಆದರೆ ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟುವುದು ಅಲ್ಲಿಯೂ ತಪ್ಪುವುದಿಲ್ಲ. ನೆಂಟರಿಗೆ ತೋರಿಸಲು ಸಾಕು. ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಲು, ಹಳೆಯ ಬರಹ ಓದಿಸಲು ಡಾಕ್ಯುಮೆಂಟೇ ಇರಲಿ.

ವಿಡಿಯೊದಲ್ಲಿ ಕತ್ತರಿ ಇನ್ನೂ ಧಾರಾಳ. ಒಂದು ನಿಮಿಷದ ವಿಡಿಯೊವೇ ನೂರು ಎಂಬಿ ದಾಟುವುದುಂಟು. ವಿಡಿಯೊ ಕುಗ್ಗಿಸುವ ಗಣಿತ ಪ್ರತಿ ಚೌಕಟ್ಟನ್ನೂ, ಅಂದರೆ ಅದರ ಒಂದೊಂದು ಬಿಡಿ ಚಿತ್ರವನ್ನೂ, ಪೂರ್ತಿ ಬರೆದುಕೊಳ್ಳುವುದಿಲ್ಲ. ಹಿಂದಿನದಕ್ಕಿಂತ ಎಷ್ಟು ಬದಲಾಗಿದೆ ಎಂಬುದನ್ನು ಬರೆದುಕೊಳ್ಳುತ್ತದೆ. ಕುಳಿತು ಮಾತನಾಡುವ ಭಾಷಣಕಾರರು ಇದರಲ್ಲಿ ಪಾಸಾಗುತ್ತಾರೆ, ಬದಲಾಗುವುದು ತುಟಿ ಮಾತ್ರ. ಯಕ್ಷಗಾನದ ವೇಷಧಾರಿ ಧೀಂಗಿಣ ಹೊಡೆಯುವಾಗ ಪ್ರತಿ ಚೌಕಟ್ಟಿನಲ್ಲೂ ಬಟ್ಟೆ, ಕಿರೀಟ, ಮಿಂಚು ಎಲ್ಲವೂ ಬದಲಾಗುತ್ತವೆ. ಮಿತವಾದ ತೂಕದಲ್ಲಿ ಅಷ್ಟನ್ನೂ ಬರೆಯಲಾಗದೆ ಆಟದ ಅತ್ಯುತ್ತಮ ಕ್ಷಣವೇ ಚೌಕ ಚೌಕವಾಗಿ ಒಡೆಯುತ್ತದೆ. ಡಾಕ್ಯುಮೆಂಟ್ ಆಗಿ 2 ಜಿಬಿವರೆಗಿನ ಕಡತ ಕಳಿಸಬಹುದು. ಡೇಟಾ ಖರ್ಚು ಎರಡೂ ಕಡೆಯವರದು, ಹಳ್ಳಿಯ ನೆಟ್‌ವರ್ಕಿನಲ್ಲಿ ತಾಳ್ಮೆಯೂ ಬೇಕು.

ತೊಡಕುಗಳೂ ಇವೆ. ಬಂದ ಕಡತ ತಾನಾಗಿ ಗ್ಯಾಲರಿಗೆ ಸೇರುವುದಿಲ್ಲ, ಬರಲೇ ಇಲ್ಲ ಎಂದು ಜನ ಮತ್ತೆ ಮತ್ತೆ ಕೇಳುತ್ತಾರೆ. ಐಫೋನ್‌ನಿಂದ ಹೊರಟ `.heic` ಕಡತ ಕೆಲವು ಹಳೆಯ ಕಂಪ್ಯೂಟರ್‌ಗಳಲ್ಲಿ ತೆರೆಯುವುದಿಲ್ಲ. ಇನ್ನೊಂದು ಸ್ವಲ್ಪ ಗಂಭೀರವಾದದ್ದು: ಕ್ಯಾಮೆರಾ ಪ್ರತಿ ಫೋಟೊದೊಳಗೂ ದಿನಾಂಕ, ಮೊಬೈಲಿನ ಮಾದರಿ, ಸ್ಥಳ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತದೆ. ಫೋಟೊ ಆಗಿ ಕಳಿಸಿದಾಗ ಕತ್ತರಿ ಇದನ್ನೂ ಕತ್ತರಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮನೆಯ ವಿಳಾಸವೂ ಜೊತೆಯಲ್ಲಿ ಹೋಗಬಹುದು. ಹಳೆಯ ಸೋಫಾ ಮಾರಲು ಅಪರಿಚಿತರಿಗೆ ಕಳಿಸುವ ಫೋಟೊಗೆ ಮಾಮೂಲಿ ದಾರಿಯೇ ಮೇಲು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಚಿಕ್ಕಮ್ಮನೂ ಎಡವಿದರು. ಹೇಳಿದಂತೆ ಡಾಕ್ಯುಮೆಂಟ್ ಆಗಿ ಕಳಿಸಿದರು, ನೋಡಿದರೆ ಮತ್ತೆ 210 ಕೆಬಿ. ಹೆಸರು `IMG-20240914-WA0007.jpg` ಎಂದಿತ್ತು. `WA` ಎಂದಿದ್ದರೆ ಅದು ವಾಟ್ಸ್‌ಆ್ಯಪ್ ತಾನೇ ಉಳಿಸಿದ ಚಿತ್ರ. ಗುಂಪಿನಲ್ಲಿ ಒಮ್ಮೆ ಹಾಕಿ ಕುಗ್ಗಿದ್ದನ್ನೇ ಅವರು ಹುಡುಕಿ ಕಳಿಸಿದ್ದರು. ಕುಗ್ಗಿದ್ದನ್ನು ಎಷ್ಟು ಜೋಪಾನವಾಗಿ ಕಳಿಸಿದರೂ ಕುಗ್ಗಿದ್ದೇ ಬರುತ್ತದೆ. ಮೂಲವನ್ನು ಕ್ಯಾಮೆರಾದ ಫೋಲ್ಡರ್‌ನಿಂದಲೇ ತೆಗೆಯಬೇಕಿತ್ತು.

ಮೂರನೆಯ ಸಲ 4.2 ಎಂಬಿ ಬಂತು. ಹಿಗ್ಗಿಸಿದೆ. ಅಕ್ಷರದ ಕೆಳಗೆ, ನಿಬ್ಬು ಕಾಗದಕ್ಕೆ ಒತ್ತಿದ ಗುರುತಿನ ಸಮೇತ, ಸೀಳು ಇತ್ತು. ಧನವೇ. ಫೋನ್ ಮಾಡಿ ಹೇಳಿದರೆ ಚಿಕ್ಕಮ್ಮ ಒಂದು ಕ್ಷಣ ಸುಮ್ಮನಿದ್ದರು. ಗುಂಪಿಗೆ ಹೋಗಿದ್ದ ಚಿತ್ರವನ್ನು ಓದಿದ ದೊಡ್ಡಪ್ಪ, ಅಜ್ಜ ಮದುವೆಗೆ ಹಸು ಕೊಟ್ಟ ಕತೆಯನ್ನು ಆಗಲೇ ನಾಲ್ಕು ಮನೆಗೆ ಹೇಳಿ ಮುಗಿಸಿದ್ದರಂತೆ. ಹಸುವಿನ ಹೆಸರು ಗೌರಿ ಎಂಬುದೂ ಅವರಿಗೆ ನೆನಪಾಗಿತ್ತಂತೆ.