ಪದ ಪರಿಚಯ: ಅಕ್ಕಿ–ಅನ್ನ ತೂಕದ ಅನುಪಾತ

ತಟ್ಟೆಯಲ್ಲಿ 200 ಗ್ರಾಂ ಅನ್ನ ಇದೆ. ಅದರಲ್ಲಿ ಅಕ್ಕಿ ಎಷ್ಟು? ಈ ಪ್ರಶ್ನೆಗೆ ಉತ್ತರ ಕೊಡುವ ಸಂಖ್ಯೆಯೇ ಅಕ್ಕಿ–ಅನ್ನ ತೂಕದ ಅನುಪಾತ. ಬೆಂದ ಮೇಲಿನ ಒಟ್ಟು ತೂಕವನ್ನು, ಹಾಕಿದ ಒಣ ಅಕ್ಕಿಯ ತೂಕದಿಂದ ಭಾಗಿಸಿದರೆ ಅದು ಸಿಗುತ್ತದೆ. 100 ಗ್ರಾಂ ಅಕ್ಕಿ 300 ಗ್ರಾಂ ಅನ್ನವಾದರೆ ಅನುಪಾತ 3. ಊಟದ ಲೆಕ್ಕ ಬರೆದಿಡುವವರಿಗೆ, ಅದರಲ್ಲೂ ಕಾರ್ಬ್ ಎಣಿಸಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಇದು ತುಂಬಾ ಬೇಕಾಗುವ ಸಂಖ್ಯೆ.

ಕ್ಯಾಲೊರಿ ಆ್ಯಪ್‌ಗಳಲ್ಲಿ "Rice, white, cooked" ಅಂತ ಹುಡುಕಿದರೆ 100 ಗ್ರಾಂಗೆ ಸುಮಾರು 130 ಕ್ಯಾಲೊರಿ ಅಂತ ತೋರಿಸುತ್ತದೆ. ಒಣ ಬಿಳಿ ಅಕ್ಕಿಗೆ 100 ಗ್ರಾಂಗೆ ಸುಮಾರು 355 ಕ್ಯಾಲೊರಿ. ಎರಡನ್ನೂ ಭಾಗಿಸಿ ನೋಡಿ: 2.7 ಬರುತ್ತದೆ. ಅಂದರೆ ಆ್ಯಪ್‌ನಲ್ಲಿ ನಾವು "ಬೆಂದ ಅನ್ನ" ಆಯ್ದುಕೊಂಡಾಗಲೆಲ್ಲ ನಮ್ಮ ಅನ್ನದ ಅನುಪಾತ 2.7 ಅಂತ ಒಪ್ಪಿಕೊಂಡ ಹಾಗಾಯಿತು. ನಮ್ಮ ಮನೆಗಳ ಕುಕ್ಕರ್ ಅನ್ನ ಸಾಮಾನ್ಯವಾಗಿ ಅದಕ್ಕಿಂತ ಮೆತ್ತಗೆ, ನೀರು ಜಾಸ್ತಿ.

ನೀರಿನಲ್ಲಿ ಕ್ಯಾಲೊರಿ ಇಲ್ಲ. ಅನ್ನದ ತೂಕ ಹೆಚ್ಚೋದು ಬರೀ ನೀರಿನಿಂದ, ಹಾಗಾಗಿ ತೂಕ ಹೆಚ್ಚಿದರೂ ಕ್ಯಾಲೊರಿ ಹೆಚ್ಚುವುದಿಲ್ಲ. ಹಾಕಿದ ಅಕ್ಕಿ, ಹಾಕಿದ ನೀರು ಎರಡನ್ನೂ ಕೂಡಿಸಿ, ಅದರಲ್ಲಿ ಆವಿಯಾಗಿ ಹೋದದ್ದನ್ನೂ ಬಸಿದು ತೆಗೆದದ್ದನ್ನೂ ಕಳೆಯಿರಿ. ಉಳಿದದ್ದು ಅನ್ನದ ತೂಕ. ಪ್ರೆಶರ್ ಕುಕ್ಕರ್ ಒಳಗಿನ ಪಾತ್ರೆಯಲ್ಲಿ ಬೇಯಿಸಿದರೆ ಆವಿ ಹೋಗೋದು ಕಡಿಮೆ. ಹಾಕಿದ ನೀರು ಹೆಚ್ಚುಕಡಿಮೆ ಪೂರ್ತಿ ಅನ್ನದಲ್ಲೇ ಉಳಿಯುತ್ತದೆ. ತಪ್ಪಲೆಯಲ್ಲಿ ಕುದಿಸಿದರೆ ಆವಿ ಎಷ್ಟು ಹೋಗುತ್ತದೆ ಅನ್ನೋದು ಒಲೆಯ ಉರಿ, ಮುಚ್ಚಳ, ಹೊತ್ತು ಇವುಗಳ ಮೇಲೆ ನಿಂತಿರುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. "ಒಂದಕ್ಕೆ ಎರಡು ನೀರು" ಅಂತ ನಾವು ಹೇಳೋದು ಲೋಟದ ಲೆಕ್ಕ, ತೂಕದ ಲೆಕ್ಕ ಅಲ್ಲ. ಕಾಳುಗಳ ನಡುವೆ ಗಾಳಿ ಇರುವುದರಿಂದ 200 ಎಂಎಲ್ ಲೋಟದಲ್ಲಿ ಅಕ್ಕಿ ಸುಮಾರು 165 ಗ್ರಾಂ ಮಾತ್ರ ಹಿಡಿಯುತ್ತದೆ. ಎರಡು ಲೋಟ ನೀರು 400 ಗ್ರಾಂ. ಹಾಗಾಗಿ ತೂಕದಲ್ಲಿ ಅದು ಒಂದಕ್ಕೆ 2.4 ನೀರು. ಅಕ್ಕಿಯ ಒಂದು ಪಾಲು ಸೇರಿಸಿದರೆ 3.4. ಆವಿಗೆ ಸ್ವಲ್ಪ ಬಿಟ್ಟರೂ 3.3ರ ಆಸುಪಾಸಿಗೆ ಬಂದು ನಿಲ್ಲುತ್ತದೆ. "ಒಂದಕ್ಕೆ ಎರಡು ನೀರು, ಹಾಗಾದ್ರೆ ಅನ್ನ ಮೂರು ಪಟ್ಟು" ಅನ್ನುವ ಅಂದಾಜು ಇಲ್ಲೇ ತಪ್ಪುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ನಾಲ್ಕು ಜನರ ಮನೆ, ಸೋನಾ ಮಸೂರಿ. ಕುಕ್ಕರ್ ಒಳಗಿನ ಖಾಲಿ ಪಾತ್ರೆ ತೂಗಿದಾಗ 420 ಗ್ರಾಂ. ಒಣ ಅಕ್ಕಿ 300 ಗ್ರಾಂ. ತೂಗಿದ ಮೇಲೇ ತೊಳೆಯಬೇಕು. ತೊಳೆದ ಅಕ್ಕಿ ನೀರು ಹಿಡಿದುಕೊಂಡಿರುತ್ತದೆ, ಆಮೇಲೆ ತೂಗಿದರೆ ಆ ನೀರೂ ಅಕ್ಕಿಯ ಲೆಕ್ಕಕ್ಕೆ ಹೋಗುತ್ತದೆ. ಲೋಟದಲ್ಲಿ ಒಂದಕ್ಕೆ ಎರಡು ನೀರು ಹಾಕಿ ಬೇಯಿಸಿ, ಪ್ರೆಶರ್ ಇಳಿದ ಮೇಲೆ ಪಾತ್ರೆ ಸಮೇತ ತೂಗಿದರೆ 1,410 ಗ್ರಾಂ. ಪಾತ್ರೆಯ 420 ಕಳೆದರೆ ಅನ್ನ 990 ಗ್ರಾಂ. 990ನ್ನು 300ರಿಂದ ಭಾಗಿಸಿದರೆ 3.3.

ಈಗ ತಟ್ಟೆಗೆ 210 ಗ್ರಾಂ ಅನ್ನ ಬಡಿಸಿಕೊಂಡರೆ, 210ನ್ನು 3.3ರಿಂದ ಭಾಗಿಸಿ: ಸುಮಾರು 64 ಗ್ರಾಂ ಅಕ್ಕಿ. ಕ್ಯಾಲೊರಿ ಸುಮಾರು 226, ಕಾರ್ಬ್ ಸುಮಾರು 50 ಗ್ರಾಂ. ಆ್ಯಪ್‌ನ ಬೆಂದ ಅನ್ನದ ಲೆಕ್ಕದಲ್ಲಿ ಅದೇ ತಟ್ಟೆ 273 ಕ್ಯಾಲೊರಿ, ಕಾರ್ಬ್ 59 ಗ್ರಾಂ. ಅದೇ 210 ಗ್ರಾಂ ಉದುರು ಉದುರಾದ, 2.5 ಅನುಪಾತದ ಅನ್ನ ಆಗಿದ್ದರೆ ಅದರಲ್ಲಿ 84 ಗ್ರಾಂ ಅಕ್ಕಿ ಇರುತ್ತಿತ್ತು, ಸುಮಾರು 298 ಕ್ಯಾಲೊರಿ. ತಟ್ಟೆ ನೋಡಿದರೆ, ತೂಗಿದರೆ ಎರಡೂ ಒಂದೇ. ಒಳಗಿನ ಅಕ್ಕಿ 20 ಗ್ರಾಂ ಬೇರೆ. ಆ್ಯಪ್‌ನಲ್ಲಿ ಒಣ ಅಕ್ಕಿಯ ಸಾಲು ಆಯ್ದು 64 ಗ್ರಾಂ ಅಂತ ಬರೆಯೋದೇ ಸರಿಯಾದ ದಾರಿ.

ಹಾಗಾದರೆ ಅಕ್ಕಿಯ ತಳಿ ಎಲ್ಲಿ ಬಂತು? ತಳಿ ನೋಡಿಕೊಂಡು ನಾವು ನೀರು ಹಾಕುತ್ತೇವೆ, ಅಲ್ವಾ? ಪಿಷ್ಟದಲ್ಲಿ ಅಮೈಲೋಸ್ ಅನ್ನುವ ಭಾಗ ಜಾಸ್ತಿ ಇರುವ ಅಕ್ಕಿಗೆ ಜಾಸ್ತಿ ನೀರು ಬೇಕು. ಕಾಳು ಬಿಡಿಬಿಡಿಯಾಗಿ ಉಬ್ಬುತ್ತದೆ. ಅದು ಕಡಿಮೆ ಇರುವ ಅಕ್ಕಿ ಕಡಿಮೆ ನೀರಿಗೇ ಅಂಟಂಟಾಗುತ್ತದೆ. ಅಮೈಲೋಸ್ ಹೆಚ್ಚುಕಡಿಮೆ ಇಲ್ಲದ ಅಂಟಕ್ಕಿಯನ್ನು ನೆನೆಸಿ ಹಬೆಯಲ್ಲೇ ಬೇಯಿಸುವುದರಿಂದ ಅದರ ಅನುಪಾತ 2ರ ಹತ್ತಿರವೇ ಉಳಿಯುತ್ತದೆ. ಪಲಾವಿಗೆ ಬಾಸ್ಮತಿಯನ್ನು ಉದುರಾಗಿ ಮಾಡಲು ನೀರು ಕಡಿಮೆ ಹಾಕುತ್ತೇವೆ. ಆಗ 2.5ರ ಸುತ್ತಮುತ್ತ ಬರುತ್ತದೆ. ಒಂದೇ ತಳಿಯಲ್ಲೂ ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಹಳೆ ಅಕ್ಕಿ ನೀರು ಜಾಸ್ತಿ ಎಳೆಯುತ್ತದೆ. ಅದೇ ಸೋನಾ ಮಸೂರಿಗೆ ಒಬ್ಬರು ಎರಡು ನೀರು, ಇನ್ನೊಬ್ಬರು ಮೂರು ನೀರು ಹಾಕಿದರೆ ಅನುಪಾತ 3.3ರಿಂದ 4ರ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಎಲ್ಲೋ ಸಿಕ್ಕ "ಸೋನಾ ಮಸೂರಿಗೆ ಇಷ್ಟು" ಅನ್ನುವ ಪಟ್ಟಿಯನ್ನು ನಾನು ನಂಬುವುದಿಲ್ಲ. ನಮ್ಮ ಅಕ್ಕಿ, ನಮ್ಮ ಲೋಟ, ನಮ್ಮ ಕುಕ್ಕರ್ ಇಟ್ಟು ಒಮ್ಮೆ ತೂಗಬೇಕು. ಅಕ್ಕಿ ಚೀಲ ಬದಲಾಗಿ ನೀರಿನ ಅಳತೆಯೂ ಬದಲಾದರೆ ಮತ್ತೆ ತೂಗಬೇಕು.

ಬಸಿದು ಮಾಡುವ ಅನ್ನದ ವಿಚಾರ ಸ್ವಲ್ಪ ಬೇರೆ. ಕರಾವಳಿಯ ಕುಚ್ಚಲಕ್ಕಿಯನ್ನು ನೀರು ತುಂಬಾ ಇಟ್ಟು ಬೇಯಿಸಿ, ತಿಳಿ ಬಸಿಯುತ್ತಾರೆ. ಇಲ್ಲಿ ಹಾಕಿದ ನೀರಿನಿಂದ ಏನೂ ಲೆಕ್ಕ ಸಿಗುವುದಿಲ್ಲ. ಬಸಿದ ಮೇಲಿನ ಅನ್ನವನ್ನೇ ತೂಗಬೇಕು. ಜೊತೆಗೆ ಸ್ವಲ್ಪ ಪಿಷ್ಟ ತಿಳಿಯಲ್ಲಿ ಹೋಗಿರುತ್ತದೆ. ಭತ್ತ ಇದ್ದಾಗಲೇ ಬೇಯಿಸಿ ಒಣಗಿಸುವುದರಿಂದ ಕುಚ್ಚಲಕ್ಕಿಯ ಕಾಳು ಗಟ್ಟಿ, ಪಿಷ್ಟ ಅಷ್ಟಾಗಿ ಬಿಡುವುದಿಲ್ಲ. ಬಿಳಿ ಅಕ್ಕಿಯನ್ನು ಬಸಿದರೆ ಜಾಸ್ತಿ ಹೋಗುತ್ತದೆ. ಎರಡರಲ್ಲೂ ಅನುಪಾತದಿಂದ ಬಂದ ಕ್ಯಾಲೊರಿ ನಿಜಕ್ಕಿಂತ ತುಸು ಹೆಚ್ಚೇ ಇರುತ್ತದೆ. ಅನ್ನದ ಜೊತೆ ತಿಳಿಯನ್ನೂ ಕುಡಿಯುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅನ್ನಕ್ಕೆ ತಿಳಿ ಸೇರಿಸಿ ಗಂಜಿಯಾಗಿ ಉಂಡರೆ ಬಟ್ಟಲಿನ ತೂಕ ಬಿಟ್ಟು, ಸೇರಿಸುವ ಮೊದಲೇ ಅನ್ನ ತೂಗಿಕೊಳ್ಳಿ.

ಲೆಕ್ಕ ತಪ್ಪಿದ್ದನ್ನು ಕಂಡುಹಿಡಿಯೋದು ಸುಲಭ. ಅನ್ನದ ತೂಕ, ಹಾಕಿದ ಅಕ್ಕಿ ಮತ್ತು ನೀರಿನ ಮೊತ್ತಕ್ಕಿಂತ ಕಣ್ಣಿಗೆ ಕಾಣುವಷ್ಟು ಜಾಸ್ತಿ ಬಂದರೆ ಪಾತ್ರೆಯ ತೂಕ ಕಳೆಯಲು ಮರೆತಿದ್ದೀರಿ, ಇಲ್ಲವೇ ಕುಕ್ಕರ್ ತಳದ ನೀರು ಉಕ್ಕಿ ಪಾತ್ರೆಗೆ ಸೇರಿದೆ. ತುಂಬಾ ಕಡಿಮೆ ಬಂದರೆ ಪಾತ್ರೆ ತುಂಬಿ ಗಂಜಿ ಹೊರಗೆ ಚೆಲ್ಲಿದೆಯೇ ನೋಡಿ. ತಳದ ಅನ್ನ ಮೇಲಿನದಕ್ಕಿಂತ ಒದ್ದೆ ಇರುತ್ತದೆ, ಹಾಗಾಗಿ ಬಡಿಸುವ ಮೊದಲು ಒಮ್ಮೆ ಮೆಲ್ಲಗೆ ಕೆದಕಿ.

ತೆರೆದಿಟ್ಟ ಅನ್ನ ಆರುತ್ತಾ ಹಗುರಾಗುತ್ತದೆ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವುದಾದರೆ, ಅದು ಎಷ್ಟು ಗ್ರಾಂ ಅಂತ ರಾತ್ರಿಯೇ ಬಿಸಿಯಿರುವಾಗ ತೂಗಿ ಅಕ್ಕಿಗೆ ತಿರುಗಿಸಿಕೊಳ್ಳಿ. ಬೆಳಿಗ್ಗೆ ಎಣ್ಣೆ, ಕಡಲೆಬೀಜದ ಕ್ಯಾಲೊರಿ ಅದಕ್ಕೆ ಕೂಡಿಸಿ, ಬಾಣಲೆಯ ಒಟ್ಟು ತೂಕದಲ್ಲಿ ನಿಮ್ಮ ತಟ್ಟೆಯ ಪಾಲು ಎಷ್ಟೋ ಅಷ್ಟನ್ನೇ ಬರೆಯಿರಿ. ಬಿಸಿಬೇಳೆಬಾತ್, ಪೊಂಗಲ್‌ಗೂ ಇದೇ ಲೆಕ್ಕ.