ಆಸ್ಪತ್ರೆ ಬೋರ್ಡಿನಲ್ಲಿ ಯಾವ ಸಾಲಿಗೆ ಅರೇಬಿಕ್ ಬೇಕು, ಯಾವುದಕ್ಕೆ ಬೇಡ?

ಓದುಗರ ಪ್ರಶ್ನೆ: ಬೆಂಗಳೂರಿನ ನಮ್ಮ ಆಸ್ಪತ್ರೆಗೆ ಒಮಾನ್, ಇರಾಕ್, ಯೆಮೆನ್ ಕಡೆಯಿಂದ ರೋಗಿಗಳು ಬರುತ್ತಾರೆ. ಹೊಸ ಬೋರ್ಡುಗಳಲ್ಲಿ ಕನ್ನಡ, ಇಂಗ್ಲಿಷ್ ಜೊತೆ ಅರೇಬಿಕ್ಕೂ ಇರಲಿ ಅಂತ ಮೇಲಿನವರು ಹೇಳಿದ್ದಾರೆ. ಪ್ರತಿ ಸಾಲನ್ನೂ ಅನುವಾದ ಮಾಡಿಸಬೇಕಾ?

ಬೇಡ. ಹತ್ತು ಸಾಲಿನ ಬೋರ್ಡು ಮೂರು ಭಾಷೆಯಲ್ಲಿ ಮೂವತ್ತು ಸಾಲಾಗುತ್ತದೆ. ಅಕ್ಷರ ಚಿಕ್ಕದಾಗಿ, ಕೊನೆಗೆ ಯಾರೂ ಓದದ ಹಾಗಾಗುತ್ತದೆ. ಪ್ರತಿ ಸಾಲಿನ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಅರೇಬಿಕ್ ಮಾತ್ರ ಬಲ್ಲವರು ಇಲ್ಲಿ ದುಭಾಷಿ ಇಲ್ಲದೆ ಒಬ್ಬರೇ ನಿಂತಿರಬಹುದಾ? ಈ ಸಾಲು ಅರ್ಥವಾಗದಿದ್ದರೆ ಅವರಿಗೆ ತೊಂದರೆ ಆಗುತ್ತದಾ?

ಸ್ಕ್ಯಾನಿಂಗ್ ವಿಭಾಗವನ್ನೇ ನೋಡೋಣ. ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ದುಭಾಷಿ ಇರುತ್ತಾರೆ. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕಾಯುವಾಗ ಎಷ್ಟೋ ಸಲ ಇರುವುದಿಲ್ಲ. ಹಾಗಾಗಿ 'ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ' ಅನ್ನುವ ಸಾಲು ಅರೇಬಿಕ್‌ನಲ್ಲಿ ಇರಲೇಬೇಕು. ಎಂಆರ್‌ಐ ಬಾಗಿಲಲ್ಲಿ 'ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹ ಇದ್ದರೆ ಒಳಗೆ ಬರಬೇಡಿ' ಅನ್ನುವುದೂ ಅಷ್ಟೇ. ರಕ್ತ ಪರೀಕ್ಷೆಯ ಕಿಟಕಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಬರಬೇಕು ಅನ್ನುವ ಸೂಚನೆ ಓದಲಾಗದಿದ್ದರೆ ಶುಗರ್ ರಿಪೋರ್ಟೇ ತಪ್ಪು ಬರುತ್ತದೆ.

ಸ್ಕ್ಯಾನಿಂಗ್ ವಿಭಾಗದಲ್ಲೇ ಸುಲಭವಾಗಿ ಬಿಟ್ಟುಹೋಗುವ ಒಂದು ಬೋರ್ಡಿದೆ. ಭ್ರೂಣದ ಲಿಂಗ ತಿಳಿಸುವುದು ಅಪರಾಧ ಅನ್ನುವ ಫಲಕ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ನಿಯಮದ ಪ್ರಕಾರ ಅದು ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಇದ್ದರೆ ಸಾಕು. ಆದರೂ ಅರೇಬಿಕ್ ಸೇರಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಅರಬ್ ದೇಶಗಳಲ್ಲಿ ಸ್ಕ್ಯಾನಿಂಗ್ ವೇಳೆ ಗಂಡೋ ಹೆಣ್ಣೋ ಅಂತ ಕೇಳುವುದು ಮಾಮೂಲಿ. ಇಲ್ಲಿ ಕೇಳಿದಾಗ ಸಿಬ್ಬಂದಿ ಸುಮ್ನೆ ಮುಖ ತಿರುಗಿಸಿದರೆ ಆ ತಾಯಿಗೆ ಅವಮಾನ ಅನ್ನಿಸುತ್ತದೆ, ಮಗುವಿಗೆ ಏನೋ ಆಗಿದೆ ಅನ್ನುವ ಭಯವೂ ಹುಟ್ಟಬಹುದು. ಕಾನೂನು ವಿದೇಶಿಯರಿಗೂ ಅನ್ವಯಿಸುತ್ತದೆ. ಅದನ್ನು ಅವರ ಭಾಷೆಯಲ್ಲೇ ಹೇಳಿಬಿಟ್ಟರೆ ಆ ಗೊಂದಲ ಇರುವುದಿಲ್ಲ.

ಇನ್ನು ಬಿಡಬಹುದಾದ ಸಾಲುಗಳು. ಟಾಯ್ಲೆಟ್, ಲಿಫ್ಟ್‌ಗೆ ಚಿತ್ರ ಸಾಕು. ಆಯುಷ್ಮಾನ್ ಕೌಂಟರ್, ಟೂ ವೀಲರ್ ಪಾರ್ಕಿಂಗ್ ಅವರಿಗೆ ಸಂಬಂಧಿಸಿದ್ದಲ್ಲ. ದೂರು ಹೇಳಲು ಫೋನ್ ನಂಬರ್ ಕೊಟ್ಟಿದ್ದರೆ, ಆ ಕಡೆ ಅರೇಬಿಕ್ ಬಲ್ಲವರು ಇದ್ದರೆ ಮಾತ್ರ ಅನುವಾದಿಸಿ. ಇಲ್ಲದಿದ್ದರೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ, ಅಲ್ವಾ?

ಡಾಕ್ಟರ ಹೆಸರನ್ನೂ ಇಂಗ್ಲಿಷ್ ಮತ್ತು ಕನ್ನಡದಲ್ಲೇ ಬಿಡಿ. ಅರೇಬಿಕ್ ವರ್ಣಮಾಲೆಯಲ್ಲಿ 'ಪ' ಇಲ್ಲ, ಪಾಟೀಲ್ ಅನ್ನುವುದನ್ನು 'ಬಾತೀಲ್' ಅಂತ ಬರೆಯಬೇಕಾಗುತ್ತದೆ. ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ ಹೆಸರು ಇಂಗ್ಲಿಷ್‌ನಲ್ಲಿದೆ. ಅವರು ಹೋಲಿಸಿ ನೋಡುವುದು ಅದನ್ನೇ. ಕೋಣೆ ಸಂಖ್ಯೆಯೂ ಹಾಗೇ. ಇರಾಕ್, ಒಮಾನ್ ಕಡೆ ಬಳಸುವ ಅಂಕಿಗಳಲ್ಲಿ ಐದು ನಮ್ಮ ಸೊನ್ನೆಯಂತೆ ಕಾಣುತ್ತದೆ. ಟೋಕನ್ ಪರದೆ, ರೋಗಿಯ ಚೀಟಿ ಎರಡರಲ್ಲೂ 204 ಅಂತಲೇ ಇರುವಾಗ ಬೋರ್ಡಿನಲ್ಲೂ 204 ಅಂತಲೇ ಇರಲಿ.

ಕಟ್ಟಡದ ಹೊರಗಿನ ನಾಮಫಲಕದಲ್ಲಿ ಅರೇಬಿಕ್ ಬೇಕಾಗಿಲ್ಲ. ಅಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ ಕರ್ನಾಟಕದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ರೋಗಿಯನ್ನು ಬಾಗಿಲವರೆಗೆ ಕರೆತರುವುದು ಕ್ಯಾಬ್ ಡ್ರೈವರ್.

ಪ್ರಿಂಟಿಂಗ್‌ನಲ್ಲಿ ಆಗುವ ಒಂದು ತಪ್ಪು ಮಾತ್ರ ಭಾಷೆ ಬಾರದವರಿಗೂ ಗೊತ್ತಾಗುತ್ತದೆ. ಅರೇಬಿಕ್ ಬಲದಿಂದ ಎಡಕ್ಕೆ ಓಡುತ್ತದೆ, ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಆ ಲಿಪಿಗೆ ಹೊಂದಿಸದ ಡಿಸೈನ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿದರೆ ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ನಿಲ್ಲುತ್ತವೆ. ವಿಭಾಗದ ಹೆಸರುಗಳಲ್ಲಿ ಹಲವು 'ಅಲ್' ಎಂದು ಶುರುವಾಗುತ್ತವೆ. ಅಂಥ ಹೆಸರಿನ ಬಲತುದಿಯಲ್ಲಿ ಎರಡು ನೆಟ್ಟನೆಯ ಗೆರೆ ಕಾಣಬೇಕು. ಅವು ಎಡತುದಿಗೆ ಹೋಗಿದ್ದರೆ, ಅಥವಾ ಒಂದು ಅಕ್ಷರವೂ ಇನ್ನೊಂದಕ್ಕೆ ಕೂಡಿಲ್ಲದಿದ್ದರೆ, ಕೆಲಸ ನಿಲ್ಲಿಸಿ. ಅನುವಾದಕರಿಂದ ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿದ ಪಿಡಿಎಫ್ ತರಿಸಿಕೊಂಡರೆ ಈ ತೊಂದರೆ ಬರುವುದಿಲ್ಲ. ಸಾಲನ್ನು ಬಲಕ್ಕೆ ಜೋಡಿಸುವಾಗ ಬಾಣದ ಗುರುತನ್ನು ಮಾತ್ರ ತಿರುಗಿಸಬೇಡಿ, ಲ್ಯಾಬ್ ಇರುವ ದಿಕ್ಕು ಭಾಷೆಯ ಜೊತೆ ಬದಲಾಗುವುದಿಲ್ಲ.

ಕೊನೆಯ ಪ್ರೂಫನ್ನು ಉರ್ದು ಓದುವ ಸಿಬ್ಬಂದಿಗೆ ತೋರಿಸಿ ಮುಗಿಸುವವರು ಜಾಸ್ತಿ. ಅವರು ಅಕ್ಷರ ಗುರುತಿಸುತ್ತಾರೆ, ಆದರೆ ಭಾಷೆ ಬೇರೆ. ವಾರ್ಡಿನಲ್ಲಿರುವ ರೋಗಿಯ ಮನೆಯವರೊಬ್ಬರಿಗೆ ಗೋಡೆಯ ಮೇಲೆ ಅಂಟಿಸಿದ ಕಾಗದ ತೋರಿಸಿ, ದುಭಾಷಿಯ ಮೂಲಕ 'ಇದನ್ನು ಓದಿ ನೀವು ಏನು ಮಾಡುತ್ತೀರಿ?' ಅಂತ ಕೇಳಿಸಿ. ಅವರು ಮಾಡಬೇಕಾದ ಕೆಲಸವನ್ನೇ ಹೇಳಿದರೆ ಪ್ರಿಂಟಿಗೆ ಕಳಿಸಿ.