ಡ್ಯಾಶ್‌ಬೋರ್ಡಿನ ಜಿಗುಟು: ಮೇಲೆ ಕೂತ ಕೊಳೆಯೋ, ಕೆಡುತ್ತಿರುವ ಲೇಪವೋ?

ಕಾರು ಹಳೆಯದಾಗಿ ಡ್ಯಾಶ್‌ಬೋರ್ಡು ಮಂಕಾದಾಗ, ಬೆರಳಿಟ್ಟಲ್ಲೆಲ್ಲ ಜಿಗುಟು ಹತ್ತತೊಡಗಿದಾಗ, ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂಗಡಿಯಿಂದ ಪಾಲಿಶ್ ತಂದು ಬಳಿಯುವುದು. ಕೆಲವರು ಕೊಬ್ಬರಿ ಎಣ್ಣೆ ಸವರುತ್ತಾರೆ, ಇನ್ನು ಕೆಲವರು ಸೀಮೆಎಣ್ಣೆಯಲ್ಲಿ ಒರೆಸುತ್ತಾರೆ. ಎಲ್ಲದರಲ್ಲೂ ಆ ಕ್ಷಣಕ್ಕೆ ಹೊಳಪು ಕಾಣುತ್ತದೆ, ಏಕೆಂದರೆ ಪ್ಲಾಸ್ಟಿಕ್ಕಿನ ಮೇಲ್ಮೈಯಲ್ಲಿರುವ ಸಣ್ಣ ಸಣ್ಣ ತಗ್ಗುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದಲೇ ಅದು ಮಂಕಾಗಿ ತೋರುತ್ತಿರುತ್ತದೆ. ಎಣ್ಣೆ ಆ ತಗ್ಗುಗಳನ್ನು ತುಂಬಿ ಸಮ ಮಾಡಿದೊಡನೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಅಂದರೆ ಹೊಳಪು ಬಂದಿತೆಂದ ಮಾತ್ರಕ್ಕೆ ಕೊಳೆ ಹೋಯಿತೆಂದು ಅರ್ಥವಲ್ಲ. ಅಗ್ಗದ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿರುವ ಸಿಲಿಕೋನ್ ಎಣ್ಣೆ ಆವಿಯಾಗುವುದೂ ಇಲ್ಲ, ಒಣಗುವುದೂ ಇಲ್ಲ. ಅದು ದೂಳನ್ನು, ಊದುಬತ್ತಿಯ ಹೊಗೆಯಲ್ಲಿರುವ ಟಾರನ್ನು ಹಿಡಿದಿಟ್ಟುಕೊಂಡು ಕೆಲವೇ ವಾರಗಳಲ್ಲಿ ಮೊದಲಿಗಿಂತ ದಪ್ಪದ ಪೊರೆಯಾಗುತ್ತದೆ.

ಒರೆಸುವ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ: ಜಿಗುಟು ಪ್ಲಾಸ್ಟಿಕ್ಕಿನ ಮೇಲೆ ಬಂದು ಕೂತದ್ದೋ, ಅಥವಾ ಪ್ಲಾಸ್ಟಿಕ್ಕಿಗೆ ಬಳಿದ ಲೇಪವೇ ಕೆಟ್ಟು ಜಿಗುಟಾಗುತ್ತಿದೆಯೋ? ಎರಡಕ್ಕೂ ಚಿಕಿತ್ಸೆ ಬೇರೆ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಹತ್ತು ವರ್ಷ ಓಡಿದ ಒಂದು ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಡ್ಯಾಶ್‌ಬೋರ್ಡು ಗಟ್ಟಿಯಾದ ಪಾಲಿಪ್ರೊಪಿಲೀನ್. ಉಗುರಿನಿಂದ ತಟ್ಟಿದರೆ ಟಕಟಕ ಸದ್ದು ಬರುತ್ತದೆ. ಎ.ಸಿ. ಕಿಂಡಿಗಳ ಸುತ್ತಲಿನ ಪಟ್ಟಿ ಮತ್ತು ಬಾಗಿಲಿನ ಒಳಹಿಡಿಗಳಿಗೆ ಮಾತ್ರ, ಹೊಸದಿದ್ದಾಗ ಮುಟ್ಟಲು ರಬ್ಬರಿನಂತೆ ಮೃದುವಾಗಿದ್ದ ಕಪ್ಪು ಲೇಪವಿದೆ. ಮಾಲೀಕರಿಗೆ ಈಗ ಎರಡೂ ಒಂದೇ ರೀತಿ ಅಂಟಂಟು.

ಪರೀಕ್ಷೆ ಸುಲಭ. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಟೀ ಚಮಚದಷ್ಟು ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಅಂಗೈಯಗಲದ ಜಾಗವನ್ನು ಒರೆಸಬೇಕು. ಬಟ್ಟೆ ಬೂದುಬಣ್ಣಕ್ಕೆ ತಿರುಗಿ, ಒಣಗಿದ ಮೇಲೆ ಆ ಜಾಗಕ್ಕೆ ಬೆರಳು ಅಂಟದಿದ್ದರೆ ಅದು ಮೇಲೆ ಕೂತ ಕೊಳೆ. ಒರೆಸಿದ ಮೇಲೂ ಜಿಗುಟು ಹಾಗೆಯೇ ಇದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಹತ್ತಿಯ ಕಡ್ಡಿಯನ್ನು ಉಜ್ಜಿ ನೋಡಬೇಕು. ಕಡ್ಡಿಯ ತುದಿ ಮಸಿಯಂತೆ ಕಪ್ಪಾಗಿ, ಕೆಳಗಿನಿಂದ ನುಣುಪಾದ ಗಟ್ಟಿ ಪ್ಲಾಸ್ಟಿಕ್ ಇಣುಕಿದರೆ ಕೆಡುತ್ತಿರುವುದು ಲೇಪವೇ. ನಮ್ಮ ಉದಾಹರಣೆಯ ಕಾರಿನಲ್ಲಿ ಡ್ಯಾಶ್‌ಬೋರ್ಡು ಮೊದಲ ಬಗೆ, ಹಿಡಿಗಳು ಎರಡನೆಯ ಬಗೆ.

ಮೊದಲ ಬಗೆಗೆ ಪರೀಕ್ಷೆಗೆ ಬಳಸಿದ ಸಾಬೂನು ನೀರೇ ಸಾಕು, ತಾಳ್ಮೆ ಮಾತ್ರ ಬೇಕು. ಸಿಲಿಕೋನ್ ಎಣ್ಣೆ ನೀರಿಗೆ ಬಗ್ಗುವುದಿಲ್ಲ, ಆಲ್ಕೋಹಾಲಿನಲ್ಲೂ ಸರಿಯಾಗಿ ಕರಗುವುದಿಲ್ಲ. ಸಾಬೂನಿನ ಅಣುಗಳು ಅದನ್ನು ಸಣ್ಣ ಹನಿಗಳಾಗಿ ಸುತ್ತುವರಿದು ಎತ್ತಬೇಕು, ಬಟ್ಟೆ ಅದನ್ನು ಹೀರಿಕೊಳ್ಳಬೇಕು. ಆದ್ದರಿಂದ ಬಟ್ಟೆಯ ಮಗ್ಗುಲನ್ನು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಒಂದು ಕಡೆಯ ಎಣ್ಣೆ ಇನ್ನೊಂದು ಕಡೆಗೆ ಸಾಗುತ್ತದೆಯಷ್ಟೆ. ಪ್ಲಾಸ್ಟಿಕ್ಕಿನ ಚರ್ಮದಂಥ ಗೆರೆಗಳಲ್ಲಿ ಕೂತದ್ದನ್ನು ಮೆತ್ತನೆಯ ಬ್ರಷ್ ಬಿಡಿಸುತ್ತದೆ. ಟೂತ್‌ಪೇಸ್ಟು, ಅಡುಗೆ ಸೋಡಾಗಳು ಅದೇ ಗೆರೆಗಳಲ್ಲಿ ಬಿಳಿಯಾಗಿ ಉಳಿದುಬಿಡುತ್ತವೆ. ಕೊನೆಯಲ್ಲಿ ಬರೀ ನೀರಿನ ಬಟ್ಟೆಯಿಂದ ಎರಡು ಬಾರಿ ಒರೆಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತೊಳೆದ ಮರುದಿನವೇ ಮತ್ತೆ ಮಂಕಾಯಿತೆಂಬ ದೂರಿಗೆ ಬಹುಪಾಲು ಕಾರಣ ಹಾಗೆ ಉಳಿದು ಒಣಗಿದ ಸಾಬೂನು.

ಸ್ಯಾನಿಟೈಸರಿನಿಂದ ಒರೆಸುವ ಅಭ್ಯಾಸವನ್ನೂ ಇಲ್ಲಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲಿ ಕೈ ಒಣಗದಿರಲೆಂದು 1.45 ಶೇಕಡಾ ಗ್ಲಿಸರಿನ್ ಇರುತ್ತದೆ. ಆಲ್ಕೋಹಾಲ್ ಹಾರಿಹೋದ ಮೇಲೆ ಉಳಿಯುವ ಈ ಗ್ಲಿಸರಿನ್ ಗಾಳಿಯ ತೇವವನ್ನು ಹೀರಿ ತಾನೇ ಅಂಟಾಗುತ್ತದೆ.

ಎರಡನೆಯ ಬಗೆಯ ಕಥೆ ಹೆಚ್ಚು ಸ್ವಾರಸ್ಯದ್ದು. ಆ ಮೃದು ಲೇಪ ಪಾಲಿಯುರೆಥೇನ್. ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೋ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಕೊಂಡ ರಾಸಾಯನಿಕ ವಿಧಾನದ ಸಂತಾನ. ಅದರ ಉದ್ದನೆಯ ಅಣುಸರಪಳಿಗಳಲ್ಲಿ ಎಷ್ಟೋ ವೇಳೆ ಎಸ್ಟರ್ ಎಂಬ ಕೊಂಡಿಗಳಿರುತ್ತವೆ, ಮತ್ತು ಎಸ್ಟರ್ ಕೊಂಡಿಗೆ ನೀರೇ ಶತ್ರು. ಗಾಳಿಯ ತೇವ ಲೇಪದೊಳಗೆ ಇಳಿದು ಕೊಂಡಿಯನ್ನು ಸೀಳಿದಾಗ ಒಂದು ತುದಿಯಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲವೇ ಮುಂದಿನ ಕೊಂಡಿ ಸೀಳುವುದನ್ನು ಚುರುಕುಗೊಳಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಆಗದಂತಿದ್ದ ಹಿಡಿ ಒಂದೆರಡು ಮಳೆಗಾಲದಲ್ಲಿ ಹಠಾತ್ತಾಗಿ ಕೆಟ್ಟಂತೆ ಕಾಣುತ್ತದೆ. ಉದ್ದ ಶ್ಯಾವಿಗೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮುದ್ದೆಯಾಗಿ ನಿಲ್ಲುತ್ತವೆ, ತುಂಡು ತುಂಡಾದರೆ ಜಾರಿ ಹರಿಯತೊಡಗುತ್ತವೆ. ಲೇಪದ ಅಣುಗಳಿಗೂ ಇದೇ ಗತಿ. ಗಟ್ಟಿಯಾಗಿದ್ದದ್ದು ನಿಧಾನವಾಗಿ ಹರಿಯಬಲ್ಲ ಗೋಂದಾಗುತ್ತದೆ. ಬಿಸಿ ಈ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ಬೇಸಿಗೆಯ ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿದ ಕಾರುಗಳ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕರಾವಳಿಯಲ್ಲಿ ಬಿಸಿಲಿನ ಜೊತೆಗೆ ತೇವವೂ ಸೇರುತ್ತದೆ. ಕಪಾಟಿನಲ್ಲೇ ಇಟ್ಟ ಕ್ರೀಡಾ ಬೂಟಿನ ಅಟ್ಟೆ ಪುಡಿಪುಡಿಯಾಗುವುದರ ಹಿಂದೆಯೂ ಎಷ್ಟೋ ಸಲ ಇದೇ ಕಾರಣವಿರುತ್ತದೆ.

ಸೀಳಿದ ಕೊಂಡಿಗಳನ್ನು ಮತ್ತೆ ಬೆಸೆಯುವ ಪಾಲಿಶ್ ಯಾವುದೂ ಇಲ್ಲ. ಟಾಲ್ಕಮ್ ಪೌಡರ್ ಉದುರಿಸಿದರೆ ನಾಲ್ಕು ದಿನ ಅಂಟು ಮುಚ್ಚುತ್ತದೆ, ಕೆಳಗೆ ಲೇಪ ಕೆಡುತ್ತಲೇ ಇರುತ್ತದೆ. ಮಾಡಬಹುದಾದದ್ದು ಲೇಪವನ್ನು ಪೂರ್ತಿ ತೆಗೆಯುವುದೊಂದೇ. ಮೊಬೈಲ್ ದುರಸ್ತಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್, 70 ಶೇಕಡಾ ಅಥವಾ ಹೆಚ್ಚು ಸಾಂದ್ರತೆಯದ್ದು, ಇದಕ್ಕೆ ಒಗ್ಗುತ್ತದೆ. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕಿಡಿ ಬೆಂಕಿ ಹತ್ತಿರವಿಲ್ಲದಂತೆ ನೋಡಿಕೊಂಡು, ಹಳೆಯ ಬಟ್ಟೆಯ ತುಂಡನ್ನು ಅದರಲ್ಲಿ ನೆನೆಸಿ ಹಿಡಿಯ ಮೇಲೆ ಒಂದು ನಿಮಿಷ ಒತ್ತಿಡಬೇಕು. ಲೇಪ ಊದಿಕೊಂಡು ಮೆತ್ತಗಾಗುತ್ತದೆ. ಆಗ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಕಪ್ಪು ಮೇಣದಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಉಳಿದದ್ದನ್ನು ಹೊಸ ಬಟ್ಟೆಯಿಂದ ಉಜ್ಜಬೇಕು. ಒಂದು ಹಿಡಿಗೆ ಅರ್ಧ ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಬೇಗ ಮುಗಿಸುವ ಆಸೆಯಿಂದ ಥಿನ್ನರ್ ಅಥವಾ ನೈಲ್‌ಪಾಲಿಶ್ ತೆಗೆಯುವ ಅಸಿಟೋನ್ ಹಾಕಬಾರದು, ಏಕೆಂದರೆ ಲೇಪದ ಕೆಳಗಿರುವುದು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್. ಅಸಿಟೋನಿನಲ್ಲಿ ಅದೇ ಕರಗುತ್ತದೆ, ಬೆರಳಚ್ಚು ಶಾಶ್ವತವಾಗಿ ಉಳಿಯುತ್ತದೆ. ಸ್ಪೀಡೋಮೀಟರಿನ ಮುಂದಿನ ಪಾರದರ್ಶಕ ಹಾಳೆಗೆ ಆಲ್ಕೋಹಾಲನ್ನೂ ತಾಗಿಸಬಾರದು. ಅಚ್ಚಿನಲ್ಲಿ ಎರಕವಾಗುವಾಗ ಅದರೊಳಗೆ ಉಳಿದ ಬಿಗಿತದಿಂದಾಗಿ ಕೂದಲೆಳೆಯಂಥ ಬಿರುಕುಗಳು ಮೂಡಬಹುದು.

ಲೇಪ ಹೋದ ಮೇಲೆ ಹಿಡಿ ಗಟ್ಟಿಯಾಗಿ, ತುಸು ಹೊಳೆಯುವಂತೆ ಕಾಣುತ್ತದೆ, ಹಳೆಯ ಮೃದು ಸ್ಪರ್ಶ ಮರಳುವುದಿಲ್ಲ. ಅದನ್ನು ಹಾಗೆಯೇ ಬಿಡಬಹುದು, ಬೇಕಿದ್ದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹೊಡೆದು ಮ್ಯಾಟ್ ಬಣ್ಣ ಕೊಡಿಸಬಹುದು. ಗುಂಡಿಗಳ ವಿಷಯದಲ್ಲಿ ಮಾತ್ರ ಮೊದಲೇ ಯೋಚಿಸಬೇಕು. ಹಲವು ಕಾರುಗಳಲ್ಲಿ ಫ್ಯಾನು, ಕಿಟಕಿಗಳ ಚಿಹ್ನೆಗಳು ಅಚ್ಚಾಗಿರುವುದು ಈ ಲೇಪದ ಮೇಲೆಯೇ, ಅಥವಾ ಲೇಪವನ್ನೇ ಕೊರೆದು. ಲೇಪ ಬಂದರೆ ಚಿಹ್ನೆಯೂ ಬರುತ್ತದೆ. ಅಂಥ ಗುಂಡಿಗಳಿಗೆ ಆಲ್ಕೋಹಾಲ್ ತಾಗಿಸದೆ, ಹಿಂಡಿದ ಸಾಬೂನು ಬಟ್ಟೆಯಿಂದ ಮೇಲಿನ ಕೊಳೆಯನ್ನಷ್ಟೇ ತೆಗೆಯಬೇಕು. ಜಿಗುಟು ತಡೆಯಲಾಗದಷ್ಟಾದರೆ ಗುಂಡಿಯನ್ನೇ ಬದಲಿಸುವುದು ಸರಿ.